ಹಿಯರಿಂಗ್ ತಪ್ಪಿತು, ಜಿಎಸ್‌ಟಿ ಆದೇಶ ಬಂತು: ರದ್ದು ಮಾಡಿಸೋದು ಹೇಗೆ?

"ಸಾರ್, ನಮಗೆ ನೋಟಿಸೇ ಬಂದಿಲ್ಲ." ಏಕಪಕ್ಷೀಯ ಆದೇಶ ಹಿಡಿದುಕೊಂಡು ಬರುವ ವ್ಯಾಪಾರಿಗಳೆಲ್ಲ ಮೊದಲು ಹೇಳುವ ಮಾತು ಇದು. ನಿಜವೇ ಇರಬಹುದು. ಆದರೆ ಕಾನೂನಿನ ಪ್ರಕಾರ ಅದೊಂದೇ ಸಾಲದು. ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ ಪೋರ್ಟಲ್‌ನಲ್ಲಿ ಹಾಕಿದರೂ ನೋಟಿಸ್ ಕೊಟ್ಟಂತೆಯೇ.

ಪೀಣ್ಯದ ಒಬ್ಬ ವರ್ಕ್‌ಶಾಪ್ ಮಾಲೀಕರ ವಿಷಯ ನೋಡೋಣ. ಗುರುತು ಸಿಗದಿರಲಿ ಅಂತ ಲೆಕ್ಕಗಳನ್ನು ಸ್ವಲ್ಪ ಬದಲಿಸಿದ್ದೇನೆ. 2018-19ರಲ್ಲಿ ಅವರು ರಿಟರ್ನ್‌ನಲ್ಲಿ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟು, ಮಾಲು ಕೊಟ್ಟವರು ತೋರಿಸಿದ್ದಕ್ಕಿಂತ 3.60 ಲಕ್ಷ ಜಾಸ್ತಿ ಇತ್ತು. 2023ರ ಡಿಸೆಂಬರ್‌ನಲ್ಲಿ ಡಿಆರ್‌ಸಿ-01 ನೋಟಿಸ್ ಪೋರ್ಟಲ್‌ಗೆ ಬಂತು. ಅದು ಕೂತಿದ್ದದ್ದು ಮಾಮೂಲಿ ನೋಟಿಸ್ ಜಾಗದಲ್ಲಲ್ಲ, `View Additional Notices/Orders` ಅನ್ನೋ ಇನ್ನೊಂದು ಮೆನುವಿನಲ್ಲಿ. ನೋಂದಣಿಯಲ್ಲಿದ್ದ ಮೊಬೈಲು, ಇಮೇಲು ಎರಡೂ ಹಳೇ ಅಕೌಂಟೆಂಟ್‌ದು. ಅವರು ಕೆಲಸ ಬಿಟ್ಟು ವರ್ಷಗಳೇ ಆಗಿತ್ತು.

ಆ ವರ್ಷದ ಆದೇಶ ಹೊರಡಿಸಲು ಅಧಿಕಾರಿಗಳಿಗೆ 2024ರ ಏಪ್ರಿಲ್ 30 ಕೊನೆಯ ದಿನ. ಹಾಗಾಗಿ ಏಪ್ರಿಲ್ 24ಕ್ಕೆ ಡಿಆರ್‌ಸಿ-07 ಆದೇಶ ಆಯಿತು. ತೆರಿಗೆ 3.60 ಲಕ್ಷ, ಅದರ ಮೇಲೆ ಬಡ್ಡಿ, ಶೇ. 10 ದಂಡ, ಎಲ್ಲಾ ಸೇರಿ ಸುಮಾರು 7 ಲಕ್ಷ. ಮಾಲೀಕರಿಗೆ ಗೊತ್ತಾಗಿದ್ದು ಅಕ್ಟೋಬರ್‌ನಲ್ಲಿ, ಬ್ಯಾಂಕ್ ಖಾತೆ ಅಟ್ಯಾಚ್ ಆದ ಮೇಲೆ.

ಅವರು ನೇರ ಅಧಿಕಾರಿಯ ಹತ್ತಿರವೇ ಹೋಗಿ, ಕೇಸ್ ಇನ್ನೊಮ್ಮೆ ಕೇಳಿ ಅಂದರು. ಸಿವಿಲ್ ಕೋರ್ಟಿನಲ್ಲಾದರೆ ಎಕ್ಸ್‌ಪಾರ್ಟಿ ಡಿಕ್ರಿ ಕೊಟ್ಟ ಕೋರ್ಟಿಗೇ ಅರ್ಜಿ ಹಾಕಬಹುದು. ಜಿಎಸ್‌ಟಿಯಲ್ಲಿ ಇಂಥ ತೆರಿಗೆ ಆದೇಶಕ್ಕೆ ಆ ದಾರಿ ಇಲ್ಲ. ಅಧಿಕಾರಿ 161ನೇ ಸೆಕ್ಷನ್‌ನಲ್ಲಿ ಕಣ್ಣಿಗೆ ಕಾಣುವ ತಪ್ಪು ತಿದ್ದಬಹುದು, ಅಷ್ಟೇ. ಹಿಯರಿಂಗ್‌ಗೆ ಬರಲಾಗಲಿಲ್ಲ ಅನ್ನೋದು ಆ ಥರದ ತಪ್ಪಲ್ಲ.

ಉಳಿದದ್ದು ಎರಡು. ಒಂದು, 107ನೇ ಸೆಕ್ಷನ್‌ನ ಅಪೀಲು. ಆದೇಶ ತಲುಪಿದ ದಿನದಿಂದ 3 ತಿಂಗಳು, ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು. ವಿವಾದದ ತೆರಿಗೆಯಲ್ಲಿ ಶೇ. 10 ಕಟ್ಟಿದರೆ ಉಳಿದದ್ದರ ವಸೂಲಿ ನಿಲ್ಲುತ್ತದೆ. ಅವಧಿ ಇದ್ದರೆ ಅಪೀಲೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಹೈಕೋರ್ಟ್ ಅಂದ ಕೂಡಲೇ ಕೆಲವರಿಗೆ ಅದೇನೋ ಹುಮ್ಮಸ್ಸು! ಆದರೆ ಅಪೀಲು ಪ್ರಾಧಿಕಾರ ಕೇಸನ್ನು ಮತ್ತೆ ಕೆಳಗಿನ ಅಧಿಕಾರಿಗೆ ಕಳಿಸುವ ಹಾಗಿಲ್ಲ, ತಾನೇ ತೀರ್ಮಾನ ಮಾಡಬೇಕು. ಮೊದಲು ತೋರಿಸದ ದಾಖಲೆ ಈಗ ಯಾಕೆ ತಂದಿರಿ ಅನ್ನೋದಕ್ಕೂ ಕಾರಣ ಕೊಡಬೇಕಾಗುತ್ತದೆ.

ಇವರಿಗೆ ಆ ನಾಲ್ಕು ತಿಂಗಳು ಆಗಸ್ಟ್‌ನಲ್ಲೇ ಮುಗಿದಿತ್ತು. ಹಾಗಾಗಿ ಹೈಕೋರ್ಟಿನಲ್ಲಿ ರಿಟ್ ಅರ್ಜಿಯೇ ಗತಿ. ಇಲ್ಲೂ ತೊಡಕಿದೆ. ಅಪೀಲಿನ ಗಡುವು ಕಳೆದುಕೊಂಡವರು ಸುಮ್ನೆ ರಿಟ್ ಹಾಕಿ ಅದನ್ನು ದಾಟುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಒಂದು ತೆರಿಗೆ ಕೇಸಿನಲ್ಲಿ ಹೇಳಿದೆ. ತಡವಾಯಿತು, ಕ್ಷಮಿಸಿ ಅಂದರೆ ಆಗೋದಿಲ್ಲ. ಹೇಳಿಕೊಳ್ಳಲು ಅವಕಾಶವೇ ಸಿಗಲಿಲ್ಲ ಅಂತ ತೋರಿಸಬೇಕು.

ಅದಕ್ಕೆ ಮೊದಲು ಓದಬೇಕಾದದ್ದು ನೋಟಿಸನ್ನೇ. ವ್ಯಾಪಾರಿಗೆ ವಿರುದ್ಧವಾಗಿ ತೀರ್ಮಾನಿಸುವ ಮೊದಲು ಹಿಯರಿಂಗ್ ಕೊಡಲೇಬೇಕು ಅಂತ 75(4)ನೇ ಸೆಕ್ಷನ್ ಹೇಳುತ್ತದೆ. ಇವರ ನೋಟಿಸಿನಲ್ಲಿ ಹಿಯರಿಂಗ್ ದಿನಾಂಕ, ಸಮಯ, ಸ್ಥಳದ ಮುಂದೆಲ್ಲ `NA` ಅಂತ ಇತ್ತು! ನೋಟಿಸ್ ತಲುಪಿತೋ ಇಲ್ಲವೋ ಅನ್ನೋ ಜಗಳಕ್ಕಿಂತ ಇದು ಎಷ್ಟೋ ಗಟ್ಟಿ. ಜೊತೆಗೆ ಆ ಮೆನುವಿನ ಸ್ಕ್ರೀನ್‌ಶಾಟ್, ಅಕೌಂಟೆಂಟ್ ಯಾವಾಗ ಬಿಟ್ಟರು ಅನ್ನೋದಕ್ಕೆ ದಾಖಲೆ, ಬ್ಯಾಂಕಿನ ಪತ್ರ ಮತ್ತು ಅಫಿಡವಿಟ್ ಇಟ್ಟೆವು.

ಇನ್ನೊಂದನ್ನು ತುಂಬಾ ಜನ ಮರೆಯುತ್ತಾರೆ. ಹಿಯರಿಂಗ್‌ಗೆ ಹೋಗಿದ್ದರೆ ಹೇಳೋಕೆ ಏನಿತ್ತು? ಅದಿಲ್ಲದಿದ್ದರೆ ಕೇಸು ವಾಪಸ್ ಕಳಿಸಿ ಏನು ಉಪಯೋಗ ಅಂತ ಕೋರ್ಟಿಗೆ ಅನಿಸುತ್ತೆ, ಅಲ್ವಾ? ಇವರ ಹತ್ತಿರ ಉತ್ತರ ಇತ್ತು. 2018-19ರ ಇಂಥ ವ್ಯತ್ಯಾಸಕ್ಕೆ ಪರಿಹಾರವಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರ್ 27ರಂದು 183ನೇ ಸುತ್ತೋಲೆ ಹೊರಡಿಸಿದೆ. ಒಬ್ಬ ಸಪ್ಲೈಯರ್‌ನಿಂದ ಬಂದ ವ್ಯತ್ಯಾಸ ವರ್ಷಕ್ಕೆ 5 ಲಕ್ಷದೊಳಗಿದ್ದರೆ, ಮಾಲು ಕೊಟ್ಟಿದ್ದೇನೆ, ತೆರಿಗೆ ಕಟ್ಟಿದ್ದೇನೆ ಅಂತ ಆ ಸಪ್ಲೈಯರ್‌ನ ಪ್ರಮಾಣಪತ್ರ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಸಿಎ ಅಥವಾ ಕಾಸ್ಟ್ ಅಕೌಂಟೆಂಟ್ ಸಹಿ ಬೇಕು. ಇಲ್ಲಿದ್ದವರು ಇಬ್ಬರು ಸಪ್ಲೈಯರ್‌ಗಳು, 2.80 ಲಕ್ಷ ಮತ್ತು 80 ಸಾವಿರ. ಮೊದಲನೆಯವರ ಪ್ರಮಾಣಪತ್ರವನ್ನು ಅರ್ಜಿಗೇ ಲಗತ್ತಿಸಿದೆವು.

ಹೈಕೋರ್ಟ್ ಆದೇಶ ರದ್ದು ಮಾಡಿ, ನೋಟಿಸಿಗೆ ಉತ್ತರ ಕೊಡುವ ಹಂತಕ್ಕೆ ಕೇಸನ್ನು ವಾಪಸ್ ಕಳಿಸಿತು. ತೆರಿಗೆಯ ಶೇ. 10 ಕಟ್ಟಿದ ಮೇಲೆ ಬ್ಯಾಂಕ್ ಖಾತೆ ಬಿಡಬೇಕು ಅಂತಲೂ ಹೇಳಿತು. ಷರತ್ತು ಕೇಸಿಂದ ಕೇಸಿಗೆ ಬದಲಾಗುತ್ತದೆ, ಕೆಲವೊಮ್ಮೆ ಖರ್ಚು ಹಾಕುತ್ತಾರೆ. ಎರಡನೇ ಸಲವೂ ಹಿಯರಿಂಗ್ ತಪ್ಪಿಸಿದರೆ ಇಷ್ಟು ಸಹನೆ ಸಿಗೋದು ಕಷ್ಟ. ಹಾಗಾಗಿ ಮೊದಲು ಪೋರ್ಟಲ್‌ನಲ್ಲಿ ಮಾಲೀಕರ ಸ್ವಂತ ಮೊಬೈಲು, ಇಮೇಲು ಹಾಕಿಸಿದೆವು.

ರದ್ದಾದ ಮಾತ್ರಕ್ಕೆ ತೆರಿಗೆ ಮನ್ನಾ ಆಗಲಿಲ್ಲ. ಹೊಸ ಹಿಯರಿಂಗ್‌ನಲ್ಲಿ 2.80 ಲಕ್ಷ ಕೈಬಿಟ್ಟರು. ಎರಡನೇ ಸಪ್ಲೈಯರ್ ಅಂಗಡಿ ಮುಚ್ಚಿ ಹೋಗಿದ್ದರು, ಪತ್ರ ಸಿಗಲಿಲ್ಲ. ಆ 80 ಸಾವಿರವನ್ನು ಬಡ್ಡಿ, ದಂಡದ ಸಮೇತ ಮಾಲೀಕರೇ ಕಟ್ಟಿದರು.