ವಾರ್ಡಿನ ಗೆರೆ ಎಳೆಯೋರು ಯಾರು?

ಅವಧಿ ಮುಗಿದರೂ ಪಾಲಿಕೆ ಚುನಾವಣೆ ನಡೆಯದಿದ್ದರೆ ಜನ ಮೊದಲು ಬೈಯೋದು ರಾಜ್ಯ ಚುನಾವಣಾ ಆಯೋಗವನ್ನು. ಆಯೋಗ ಸ್ವತಂತ್ರ ಸಂಸ್ಥೆ ಅನ್ನೋದು ನಿಜ. ಮತದಾರರ ಪಟ್ಟಿ ಮತ್ತು ಚುನಾವಣೆ ಎರಡನ್ನೂ ಸಂವಿಧಾನ ಅದರ ಕೈಗೆ ಕೊಟ್ಟಿದೆ. ಆದರೆ ಅದಕ್ಕೂ ಮೊದಲು ಆಗಬೇಕಾದ ಎರಡು ಕೆಲಸ, ಅಂದರೆ ವಾರ್ಡ್ ವಿಂಗಡಣೆ ಮತ್ತು ಮೀಸಲಾತಿ ಪಟ್ಟಿ, ನಮ್ಮ ನಗರಗಳಲ್ಲಿ ಸರ್ಕಾರದ ಕೈಯಲ್ಲಿವೆ. ಅವು ಬರದೆ ಆಯೋಗ ದಿನಾಂಕ ಘೋಷಿಸುವುದು ಕಷ್ಟ.

ಬೆಂಗಳೂರನ್ನೇ ನೋಡಿ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಅನ್ನುತ್ತದೆ ಸಂವಿಧಾನದ 243ಯು ವಿಧಿ. ಆಗ ಇದ್ದದ್ದು 198 ವಾರ್ಡ್. ಹೊಸ ಕಾಯ್ದೆ ತಂದು ಅದನ್ನು 243 ಮಾಡಿದರು. ಹಳೆಯ 198 ವಾರ್ಡಿಗೇ ಚುನಾವಣೆ ನಡೆಸಿ ಎಂದು 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು, ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 243 ವಾರ್ಡುಗಳ ನಕ್ಷೆ ಅಂತಿಮವಾದದ್ದು 2022ರ ಜುಲೈನಲ್ಲಿ. 2023ರಲ್ಲಿ ಸಂಖ್ಯೆ 225ಕ್ಕೆ ಇಳಿಯಿತು. ಆಮೇಲೆ ಬಿಬಿಎಂಪಿಯನ್ನೇ ಒಡೆದು ಐದು ಪಾಲಿಕೆ ಮಾಡಿದರು.

ಸಂಖ್ಯೆ ಬದಲಾದರೆ ಏನಾಗುತ್ತದೆ ಗೊತ್ತಾ? 2011ರ ಜನಗಣತಿ ಪ್ರಕಾರ ಬಿಬಿಎಂಪಿಯಲ್ಲಿ ಸುಮಾರು 84.4 ಲಕ್ಷ ಜನ. 198 ವಾರ್ಡ್ ಅಂದರೆ ವಾರ್ಡಿಗೆ ಸರಾಸರಿ 42,600 ಜನ. 243 ಆದರೆ 34,700ರ ಆಸುಪಾಸು, 225 ಆದರೆ 37,500. ಸರಾಸರಿ ಬದಲಾದ ಕೂಡಲೇ ಜನಗಣತಿ ಬ್ಲಾಕುಗಳನ್ನು ಮತ್ತೆ ಜೋಡಿಸಬೇಕು. ಹೊಸ ಗೆರೆ, ಹೊಸ ಮೀಸಲಾತಿ, ಆಮೇಲೆ ಮತದಾರರ ಪಟ್ಟಿ. ಹೆಚ್ಚು ಪೆಟ್ಟು ಬೀಳೋದು ಪಟ್ಟಿಗೆ. ಅದು ವಿಧಾನಸಭೆ ಪಟ್ಟಿಯಿಂದ ಬರುತ್ತದೆ. ಅದರ ಒಂದು ಭಾಗ, ಅಂದರೆ ಒಂದು ಮತಗಟ್ಟೆಗೆ ಸೇರಿದ ಪ್ರದೇಶದ ನಡುವೆ ವಾರ್ಡಿನ ಗೆರೆ ಹಾದುಹೋದರೆ ಮನೆ ಮನೆ ನೋಡಿ ಹೆಸರು ಬೇರ್ಪಡಿಸಬೇಕು. ಅವಸರದಲ್ಲಿ ಮಾಡಿದರೆ ಇಡೀ ಬೀದಿಯ ಹೆಸರುಗಳು ಪಕ್ಕದ ವಾರ್ಡಿಗೆ ಹೋಗಿಬಿಡುತ್ತವೆ.

ಹಾಗಂತ ವಿಂಗಡಣೆಯೇ ಬೇಡ ಅನ್ನೋಕಾಗಲ್ಲ. ಊರಿನ ಅಂಚು ಬೆಳೆದಾಗ ಅಲ್ಲಿನ ವಾರ್ಡಿನಲ್ಲಿ ಜನ ಜಾಸ್ತಿಯಾಗುತ್ತಾರೆ, ಅವರ ಮತದ ತೂಕ ಕಡಿಮೆಯಾಗುತ್ತದೆ. ಇದು ಅನ್ಯಾಯವೇ. ಆದರೆ ಅದನ್ನು ಸರಿಪಡಿಸೋಕೆ ಐದು ವರ್ಷ ಸಮಯ ಇರುತ್ತದಲ್ವಾ? ಅವಧಿ ಮುಗಿಯುವ ಹೊತ್ತಿಗೆ ಶುರು ಮಾಡಿದರೆ ಆಡಳಿತಾಧಿಕಾರಿ ಬಂದು ಕೂರುತ್ತಾರೆ. ಬಜೆಟ್ಟಿಗೆ ಅವರೇ ಒಪ್ಪಿಗೆ ಕೊಡುತ್ತಾರೆ, ಚರಂಡಿ ಬಗ್ಗೆ ಸಭೆಯಲ್ಲಿ ಎದ್ದು ಕೇಳೋಕೆ ಸದಸ್ಯರೇ ಇರಲ್ಲ. ವಿಂಗಡಣೆ ಬಾಕಿ ಇದೆ ಅನ್ನೋ ಕಾರಣಕ್ಕೆ ಚುನಾವಣೆ ನಿಲ್ಲಬಾರದು, ಹಳೆಯ ಗೆರೆಗಳ ಮೇಲೇ ನಡೆಸಿ ಎಂದು 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರ ಸಹಕರಿಸದಿದ್ದರೆ ಆಯೋಗ ಹೈಕೋರ್ಟಿಗೆ ಹೋಗಬಹುದು ಎಂದು 2006ರಲ್ಲೇ ಹೇಳಿತ್ತು.

ನನ್ನ ಪ್ರಕಾರ ಗೆರೆ ಎಳೆಯೋ ಕೆಲಸವನ್ನೂ ಆಯೋಗಕ್ಕೇ ಕೊಡಬೇಕು. ಗೆಲ್ಲಬೇಕಾದವರೇ ಗಡಿ ಹಾಕುವುದು ಸರಿಯಲ್ಲ. ಅಲ್ಲಿಯವರೆಗೆ ಕರಡು ಅಧಿಸೂಚನೆ ಬಂದಾಗ ನಿಮ್ಮ ವಾರ್ಡಿನ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಗಡಿಯ ರಸ್ತೆಗಳನ್ನು ಓದಿ, ಒಮ್ಮೆ ನಡೆದು ನೋಡಿ. ತಪ್ಪಿದ್ದರೆ ಬೀದಿಯ ಹೆಸರು ಬರೆದು ಲಿಖಿತ ಆಕ್ಷೇಪಣೆ ಕೊಡಿ. 2022ರಲ್ಲಿ ಅದಕ್ಕೆ ಸಿಕ್ಕಿದ್ದು 15 ದಿನ. ಅಂತಿಮ ಅಧಿಸೂಚನೆ ಬಂದ ಮೇಲೆ ಕೋರ್ಟಿನಲ್ಲಿ ಗೆರೆಯನ್ನು ಪ್ರಶ್ನಿಸೋದಕ್ಕೆ ಸಂವಿಧಾನವೇ ತಡೆ ಹಾಕಿದೆ.