ತೀರ್ಪಿನ ಸಾರಾಂಶ ಬರೆಯುವುದು ಹೇಗೆ: ಹೆಣ್ಣುಮಕ್ಕಳ ಪಾಲಿನ ತೀರ್ಪು ಇಟ್ಟುಕೊಂಡು ಒಂದು ಟಿಪ್ಪಣಿ

2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದ ತೀರ್ಪು ಕೊಟ್ಟಿತು. ಆ ವಾರವೇ ನಮ್ಮ ದೊಡ್ಡಮ್ಮ ಫೋನ್ ಮಾಡಿದರು. "ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಪೇಪರ್‌ನಲ್ಲಿ ಬಂದಿದೆ ಕಣೋ. ನಮ್ಮಪ್ಪ ತೀರಿಕೊಂಡಿದ್ದು 99ರಲ್ಲಿ. ನಮಗೂ ಅನ್ವಯ ಆಗುತ್ತಾ?"

ನಾನು ಆಗಲೇ ಆ ತೀರ್ಪಿನ ಸಾರಾಂಶ ಬರೆದಿಟ್ಟಿದ್ದೆ. ಅದನ್ನೇ ಓದಿ ಹೇಳಿದೆ: "ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ ಎಂದು ಕೋರ್ಟ್ ಹೇಳಿದೆ." ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದು ಸರಿ, ನಮಗೆ ಆಗುತ್ತಾ ಅಂದೆ" ಅಂದರು.

ನನ್ನ ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಮಾತು ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಬಂದ ತಿದ್ದುಪಡಿಯಲ್ಲೇ ಇತ್ತು. 2020ರಲ್ಲಿ ಹೊಸದಾಗಿ ಏನಾಯಿತು ಅನ್ನುವುದು ನನ್ನ ಸಾರಾಂಶದಲ್ಲಿ ಇರಲೇ ಇಲ್ಲ. ಸಂಗತಿ, ಪ್ರಶ್ನೆ, ಪರಿಣಾಮ ಅಂತ ಮೂರು ಭಾಗ ಮಾಡಿ ಅದನ್ನೇ ಮತ್ತೆ ಬರೆದೆ. ಬರೆದ ಬಗೆ ಇಲ್ಲಿದೆ.

ಸಂಗತಿ: ಯಾವುದನ್ನು ಇಟ್ಟುಕೊಳ್ಳಬೇಕು

ತೀರ್ಪು ನೂರು ಪುಟಕ್ಕೂ ಜಾಸ್ತಿ ಇದೆ. ಯಾರು ದಾವೆ ಹಾಕಿದರು, ಯಾವ ಕೋರ್ಟ್‌ನಲ್ಲಿ ಏನಾಯಿತು, ಯಾವ ವಕೀಲರು ಏನು ವಾದಿಸಿದರು, ಎಲ್ಲ ಇದೆ. ಇದರಲ್ಲಿ ಯಾವುದು ಬೇಕು? ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆ ಸಂಗತಿ ಬೇರೆಯಾಗಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲವಾ? ಹಾಗಿದ್ದರೆ ಅದು ಬೇಕು. ಇಲ್ಲದಿದ್ದರೆ ಬಿಡಬಹುದು.

ಈ ಪ್ರಕರಣದಲ್ಲಿ ತಂದೆ ತೀರಿಕೊಂಡಿದ್ದು 1999ರ ಡಿಸೆಂಬರ್ 11ರಂದು. ಹೆಂಡತಿ, ಮೂವರು ಗಂಡುಮಕ್ಕಳು, ಒಬ್ಬ ಮಗಳು ಇದ್ದರು. ಮಗಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟ ತಿದ್ದುಪಡಿ ಜಾರಿಗೆ ಬಂದಿದ್ದು 2005ರ ಸೆಪ್ಟೆಂಬರ್ 9ರಂದು. ಅಂದರೆ ಕಾಯಿದೆ ಬರುವಷ್ಟರಲ್ಲಿ ತಂದೆ ಇರಲಿಲ್ಲ. ತಂದೆ 2006ರಲ್ಲಿ ತೀರಿಕೊಂಡಿದ್ದರೆ ಈ ಜಗಳವೇ ಬರುತ್ತಿರಲಿಲ್ಲ. ಹಾಗಾಗಿ ಈ ಎರಡು ತಾರೀಕು ಬೇಕೇ ಬೇಕು. ಗಂಡುಮಕ್ಕಳು ಮೂವರೋ ಇಬ್ಬರೋ ಅನ್ನುವುದು ಸಾರಾಂಶಕ್ಕೆ ಬೇಕಿಲ್ಲ.

ಇನ್ನೊಂದು ಸಂಗತಿಯೂ ಬೇಕು. ಅದು ಈ ಕುಟುಂಬದ್ದಲ್ಲ, ಕೋರ್ಟ್‌ನದ್ದು. 2015ರ ಪ್ರಕಾಶ್ ವಿರುದ್ಧ ಫೂಲವತಿ ತೀರ್ಪಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, 2005ರ ಸೆಪ್ಟೆಂಬರ್ 9ರಂದು ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು ಎಂದಿತ್ತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ ಇನ್ನೊಂದು ಇಬ್ಬರ ಪೀಠ, 2001ರಲ್ಲೇ ತಂದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ನಮ್ಮ ಕರ್ನಾಟಕದಿಂದ ಹೋದ ಪ್ರಕರಣಗಳು. ಫೂಲವತಿಯವರ ದಾವೆ 1992ರಲ್ಲಿ ಬೆಳಗಾವಿಯಲ್ಲಿ ಶುರುವಾಗಿತ್ತು. ಸಮಾನ ಬಲದ ಎರಡು ಪೀಠಗಳು ಎರಡು ದಾರಿ ಹಿಡಿದಾಗ ಕೆಳಗಿನ ಕೋರ್ಟ್‌ಗಳು ಯಾವುದನ್ನು ಪಾಲಿಸಬೇಕು? ಅದಕ್ಕೇ ವಿಷಯ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು.

ಪ್ರಶ್ನೆ

ಹೆಚ್ಚಿನ ಸಾರಾಂಶಗಳು ಕೆಡುವುದು ಇಲ್ಲೇ. "ಮಗಳಿಗೆ ಪಾಲು ಇದೆಯೇ?" ಎಂದು ಬರೆದರೆ ಪ್ರಶ್ನೆ ತುಂಬಾ ಅಗಲವಾಯಿತು, ಉತ್ತರವೂ ಅಷ್ಟೇ ಸಡಿಲವಾಗುತ್ತದೆ. ಕೋರ್ಟ್‌ನ ಮುಂದಿದ್ದ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರ ಬರಬೇಕು, ಸಂಗತಿಯಲ್ಲಿ ಉಳಿಸಿಕೊಂಡ ತಾರೀಕು ಅದರೊಳಗೆ ಇರಬೇಕು. ನಾನು ಬರೆದದ್ದು ಹೀಗೆ: "2005ರ ಸೆಪ್ಟೆಂಬರ್ 9ಕ್ಕಿಂತ ಮುಂಚೆ ತಂದೆ ತೀರಿಕೊಂಡಿದ್ದರೂ ಮಗಳು ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲು ಕೇಳಬಹುದೇ?"

ಉತ್ತರ: ಹೌದು. ಹಕ್ಕು ಬರುವುದು ಹುಟ್ಟಿನಿಂದ, ತಂದೆಯ ಸಾವಿನಿಂದಲ್ಲ. ಆದ್ದರಿಂದ ತಂದೆ ಆ ದಿನ ಬದುಕಿರಬೇಕಾಗಿಲ್ಲ. ಫೂಲವತಿ ತೀರ್ಪು ಅಲ್ಲಿಗೆ ರದ್ದಾಯಿತು. ದಾನಮ್ಮ ತೀರ್ಪನ್ನೂ ಇದಕ್ಕೆ ಹೊಂದದಷ್ಟು ಮಟ್ಟಿಗೆ ತಳ್ಳಿಹಾಕಿದರು.

ಈ ಉತ್ತರ ಎಲ್ಲಿ ಸಿಗುತ್ತದೆ ಎಂದರೆ ತೀರ್ಪಿನ ಕೊನೆಯಲ್ಲಿ. ಅಲ್ಲಿ ಐದು ಅಂಶಗಳಲ್ಲಿ ಉತ್ತರ ಕೊಟ್ಟಿದ್ದಾರೆ. ನಾನು ಮೊದಲು ಅದನ್ನೇ ಓದುತ್ತೇನೆ, ಆಮೇಲೆ ಹಿಂದಕ್ಕೆ ಹೋಗಿ ಕಾರಣ ಹುಡುಕುತ್ತೇನೆ. ಮಧ್ಯದ ಪುಟಗಳಲ್ಲಿ ವಕೀಲರ ವಾದವೂ ಹಳೆಯ ತೀರ್ಪುಗಳ ಉಲ್ಲೇಖವೂ ತುಂಬಿರುತ್ತವೆ. ಅವನ್ನೇ ಕೋರ್ಟ್‌ನ ನಿರ್ಧಾರ ಅಂದುಕೊಂಡು ಬರೆದುಬಿಡುವುದು ಸುಲಭ. ಮಗಳು ಸಾಯುವವರೆಗೂ ಮಗಳೇ ಅನ್ನುವ ಅರ್ಥದ ಮಾತನ್ನು ಹಲವು ಪತ್ರಿಕೆಗಳು ಎತ್ತಿ ಹಾಕಿದವು. ಮನಸ್ಸಿಗೆ ತಾಗುವ ಮಾತು, ನಿಜ. ಆದರೆ ಕೊನೆಯ ಐದು ಅಂಶಗಳಲ್ಲಿ ಅದಿಲ್ಲ.

ಪರಿಣಾಮ: ಲೆಕ್ಕ ಹಾಕಿ ನೋಡುವುದು

ನಮ್ಮ ಅಜ್ಜನಿಗೆ ಆರು ಎಕರೆ ಜಮೀನಿತ್ತು. ಅದು ಅವರ ಅಪ್ಪನಿಂದ, ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ 1956ಕ್ಕೂ ಮುಂಚೆಯೇ ಬಂದದ್ದು. ಅಜ್ಜಿ ಅಜ್ಜನಿಗಿಂತ ಮೊದಲೇ ತೀರಿಕೊಂಡಿದ್ದರು. ಮಕ್ಕಳು ಮೂವರು: ದೊಡ್ಡಮ್ಮ, ನನ್ನ ಅಮ್ಮ, ಸೋದರಮಾವ. ದೊಡ್ಡಮ್ಮನ ಮದುವೆ 1985ರಲ್ಲಿ ಆಯಿತು, ಅಮ್ಮನದು 1991ರಲ್ಲಿ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತನ್ನದೇ ತಿದ್ದುಪಡಿ ತಂದಿತ್ತು. ಆದರೆ ಅದು ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಹಾಗಾಗಿ ಇವರಿಬ್ಬರಿಗೂ ಅದು ಸಿಗಲಿಲ್ಲ.

ಹಳೆಯ ಲೆಕ್ಕ ನೋಡಿ. ಅಜ್ಜ ಸಾಯುವ ಕ್ಷಣಕ್ಕೆ ಸ್ವಲ್ಪ ಮುಂಚೆ ಒಂದು ಪಾಲು ಆಯಿತು ಅಂತ ಕಲ್ಪಿಸಿಕೊಳ್ಳಬೇಕು. ಆಗ ಪಾಲುದಾರರು ಅಜ್ಜ ಮತ್ತು ಮಾವ ಇಬ್ಬರೇ. ತಲಾ ಮೂರು ಎಕರೆ. ಅಜ್ಜನ ಮೂರು ಎಕರೆ ಮೂವರು ಮಕ್ಕಳಿಗೆ ತಲಾ ಒಂದು ಎಕರೆ. ಕೊನೆಗೆ ಮಾವನಿಗೆ ನಾಲ್ಕು ಎಕರೆ, ದೊಡ್ಡಮ್ಮನಿಗೆ ಒಂದು, ಅಮ್ಮನಿಗೆ ಒಂದು.

2020ರ ತೀರ್ಪಿನ ಪ್ರಕಾರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲುದಾರರು. ಅಜ್ಜನನ್ನೂ ಸೇರಿಸಿ ನಾಲ್ಕು ಪಾಲು, ತಲಾ ಒಂದೂವರೆ ಎಕರೆ. ಅಜ್ಜನ ಒಂದೂವರೆಯನ್ನು ಮೂವರು ಹಂಚಿಕೊಂಡರೆ ತಲಾ ಅರ್ಧ ಎಕರೆ. ಒಬ್ಬೊಬ್ಬರಿಗೆ ಎರಡೆರಡು ಎಕರೆ.

ಒಂದು ಎಕರೆಗೂ ಎರಡು ಎಕರೆಗೂ ಇರುವ ವ್ಯತ್ಯಾಸವೇ ಈ ತೀರ್ಪಿನ ಪರಿಣಾಮ. "ಮೊದಲು ಏನೂ ಇರಲಿಲ್ಲ, ಈಗ ಸಿಗುತ್ತದೆ" ಎಂದು ಬರೆದರೆ ತಪ್ಪು. ಅಪ್ಪನ ಸ್ವಂತ ಪಾಲಿನಲ್ಲಿ ಮಗಳಿಗೆ 1956ರಿಂದಲೇ ಹಕ್ಕಿತ್ತು. ಮಗನಿಗೆ ಹುಟ್ಟಿನಿಂದ ಬರುತ್ತಿದ್ದ ಪಾಲು ಮಾತ್ರ ಅವಳಿಗೆ ಇರಲಿಲ್ಲ.

ಇಲ್ಲಿ ಒಂದು ಅನುಮಾನ ಬರುತ್ತದೆ. 1999ರಲ್ಲೇ ಪಾಲಾಗಿದೆ ಅಂತ ಕಲ್ಪಿಸಿಕೊಂಡಮೇಲೆ ಆಸ್ತಿ ಆಗಲೇ ಹಂಚಿಹೋಯಿತಲ್ಲವಾ? ಇಲ್ಲ ಎಂದಿದೆ ಕೋರ್ಟ್. ಆ ಕಲ್ಪನೆ ಸತ್ತವರ ಪಾಲು ಎಷ್ಟು ಎಂದು ಲೆಕ್ಕ ಹಾಕುವುದಕ್ಕೆ ಮಾತ್ರ. ಅದರಿಂದ ಕುಟುಂಬ ನಿಜವಾಗಿ ಬೇರೆಯಾಗುವುದಿಲ್ಲ.

ಯಾರಿಗೆ ಅನ್ವಯ ಆಗಲ್ಲ

ಈ ಭಾಗಕ್ಕೆ ಇನ್ನೊಂದು ತಾರೀಕು ಬೇಕು: 2004ರ ಡಿಸೆಂಬರ್ 20. ತಿದ್ದುಪಡಿ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿದ ದಿನ ಅದು. ಅದಕ್ಕೂ ಮುಂಚೆ ಮಾರಾಟ, ಪಾಲು ಅಥವಾ ಉಯಿಲಿನ ಮೂಲಕ ವಿಲೇವಾರಿ ಆಗಿಹೋಗಿದ್ದರೆ ಅದನ್ನು ಮತ್ತೆ ಕೆದಕುವ ಹಾಗಿಲ್ಲ. ಎಷ್ಟೋ ಸಾರಾಂಶಗಳಲ್ಲಿ ಎರಡು ತಾರೀಕೂ ಕಲಸಿಹೋಗಿರುತ್ತವೆ. 2005ರದ್ದು ಹಕ್ಕು ಜಾರಿಗೆ ಬಂದ ದಿನ. 2004ರದ್ದು ಹಳೆಯ ವ್ಯವಹಾರಗಳಿಗೆ ಹಾಕಿದ ಬೇಲಿ. ತಂದೆ ಯಾವಾಗ ತೀರಿಕೊಂಡರು ಅನ್ನುವುದಕ್ಕೂ ಈ ಬೇಲಿಗೂ ಸಂಬಂಧವಿಲ್ಲ.

ಬೇಲಿಯೊಳಗೆ ಬರಬೇಕಾದರೆ ಪಾಲು ನೋಂದಣಿಯಾದ ಪತ್ರದಿಂದ ಆಗಿರಬೇಕು, ಇಲ್ಲವೇ ಕೋರ್ಟ್ ಡಿಕ್ರಿಯಿಂದ. ಊರ ಹಿರಿಯರು ಕೂತು ಬಾಯಿಮಾತಿನಲ್ಲಿ ಹಂಚಿದ್ದನ್ನು ಸುಲಭಕ್ಕೆ ಒಪ್ಪುವ ಹಾಗಿಲ್ಲ. ಸಾರ್ವಜನಿಕ ದಾಖಲೆಗಳ ಬಲವಿದ್ದು, ಕೋರ್ಟ್ ಡಿಕ್ರಿಯಷ್ಟೇ ಗಟ್ಟಿಯಾಗಿ ಪಾಲು ಸಾಬೀತಾದರೆ ಮಾತ್ರ, ಅದೂ ಅಪರೂಪಕ್ಕೆ. ಬರೀ ಸಾಕ್ಷಿಗಳ ಮಾತು ಸಾಲದು. ಅಪ್ಪ ಸತ್ತಮೇಲೆ ಪೌತಿ ಖಾತೆ ಮಾಡಿಸಿ ಪಹಣಿಯಲ್ಲಿ ಅಣ್ಣನ ಹೆಸರು ಬಂದಿರುತ್ತದೆ. ಅದು ಕಂದಾಯದ ದಾಖಲೆ, ಪಾಲಿನ ಪತ್ರ ಅಲ್ಲ. ಹಳ್ಳಿಗಳಲ್ಲಿ ಹೆಚ್ಚು ಗೊಂದಲ ಇರುವುದು ಇಲ್ಲೇ, ಅದಕ್ಕೆ ಸಾರಾಂಶದಲ್ಲಿ ಇದಕ್ಕೊಂದು ಸಾಲು ಇಡಲೇಬೇಕು.

ತಂದೆ ಸ್ವಂತ ದುಡಿಮೆಯಿಂದ ಕೊಂಡ ಆಸ್ತಿಗೆ ಈ ತೀರ್ಪು ಸಂಬಂಧಿಸಿದ್ದಲ್ಲ. ಅದನ್ನು ಅವರು ಉಯಿಲು ಬರೆದು ಯಾರಿಗಾದರೂ ಕೊಡಬಹುದು. ಉಯಿಲು ಇಲ್ಲದಿದ್ದರೆ ಹೆಂಡತಿ, ಮಕ್ಕಳು, ತಾಯಿ ಇದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಇನ್ನೂ ಒಂದು ಮಾತು: ಮನೆಯಲ್ಲಿ "ಪಿತ್ರಾರ್ಜಿತ" ಎನ್ನುವುದೆಲ್ಲ ಕಾನೂನಿನ ಲೆಕ್ಕದಲ್ಲಿ ಪಿತ್ರಾರ್ಜಿತ ಆಗಿರುವುದಿಲ್ಲ. ಅಜ್ಜನ ಸ್ವಂತ ಆಸ್ತಿ 1956ರ ಕಾಯಿದೆ ಬಂದಮೇಲೆ ವಾರಸಿನಿಂದ ಅಪ್ಪನಿಗೆ ಬಂದಿದ್ದರೆ ಅದು ಸಾಮಾನ್ಯವಾಗಿ ಅಪ್ಪನ ಸ್ವಂತದ್ದೇ.

ದೊಡ್ಡಮ್ಮನಿಗೆ ಕೊನೆಗೆ ಕೊಟ್ಟ ಸಾರಾಂಶ ಇಷ್ಟು:

*ಸಂಗತಿ: ತಂದೆ 1999ರಲ್ಲಿ ತೀರಿಕೊಂಡರು. ಮಗಳಿಗೆ ಮಗನಷ್ಟೇ ಪಾಲು ಕೊಡುವ ಕಾಯಿದೆ 2005ರ ಸೆಪ್ಟೆಂಬರ್ 9ರಂದು ಬಂತು. ಇಂಥವರ ಬಗ್ಗೆ ಸುಪ್ರೀಂ ಕೋರ್ಟ್‌ನ ಎರಡು ಪೀಠಗಳು ಬೇರೆಬೇರೆ ಹೇಳಿದ್ದವು.*

*ಪ್ರಶ್ನೆ: ತಂದೆ ಆ ದಿನ ಬದುಕಿರಲಿಲ್ಲ ಎಂದು ಮಗಳ ಪಾಲು ತಪ್ಪುತ್ತದೆಯೇ? ಇಲ್ಲ.*

*ಪರಿಣಾಮ: ಪಿತ್ರಾರ್ಜಿತ ಆಸ್ತಿ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿ ಪತ್ರದಿಂದಲೋ ಕೋರ್ಟ್‌ನಿಂದಲೋ ಪಾಲಾಗಿಲ್ಲದಿದ್ದರೆ, ಮಾರಾಟವೋ ಉಯಿಲಿನ ವಿಲೇವಾರಿಯೋ ಆಗಿಲ್ಲದಿದ್ದರೆ, ಮಗಳು ಸಮಪಾಲು ಕೇಳಬಹುದು. ಮದುವೆ ಯಾವಾಗ ಆಯಿತು ಅನ್ನುವುದು ಅಡ್ಡ ಬರುವುದಿಲ್ಲ. ಪಹಣಿ ತಾನಾಗಿಯೇ ಬದಲಾಗುವುದಿಲ್ಲ. ಎಲ್ಲರೂ ಒಪ್ಪಿ ಪಾಲು ಪತ್ರ ನೋಂದಣಿ ಮಾಡಿಸಬೇಕು, ಇಲ್ಲವೇ ಪಾಲಿನ ದಾವೆ ಹಾಕಬೇಕು.*

ಓದಿ ಮುಗಿಸಿದ ಮೇಲೆ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪ ತೀರಿಕೊಂಡ ವರ್ಷ ನಿಮ್ಮ ಮಾವ ಒಂದು ಬಿಳಿ ಹಾಳೆ ಮೇಲೆ ಸಹಿ ಹಾಕಿಸಿಕೊಂಡಿದ್ದ. ಅದು ನೋಂದಣಿ ಆಗಿದೆಯಾ ಅಂತ ಎಲ್ಲಿ ನೋಡೋದು?" ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಸರ್ವೆ ನಂಬರಿಗೆ 1999ರಿಂದ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ತೆಗೆಸಿ ನೋಡಿ ಎಂದೆ. ನೋಂದಣಿ ಆಗಿದ್ದರೆ ಅದರಲ್ಲಿ ಕಾಣುತ್ತದೆ.