ನೋಬಿತಾನನ್ನು ಯಾರು ಏನೆಂದು ಕರೆಯುತ್ತಾರೆ?

ನಮ್ಮ ಮನೆಗಳ ಮಕ್ಕಳಿಗೆ ಜಪಾನಿನ ಕಾರ್ಟೂನ್ ‘ಡೋರೇಮಾನ್’ ಗೊತ್ತಿರುವುದು ಹೆಚ್ಚಾಗಿ ಹಿಂದಿ ಮಾತಿನಲ್ಲಿ. ಅದರ ಒಂದು ಕಂತನ್ನು ಒಮ್ಮೆ ಮೂಲ ಜಪಾನಿ ದನಿಯಲ್ಲಿ ಹಾಕಿ, ಕೆಳಗೆ ಸಬ್‌ಟೈಟಲ್ ಇಟ್ಟುಕೊಂಡು, ಕತೆಯ ಹುಡುಗ ನೋಬಿತಾನ ಹೆಸರು ಬಂದಾಗಲೆಲ್ಲ ಕಿವಿಗೊಟ್ಟು ಕೇಳಿ. ಡೋರೇಮಾನ್ ಅವನನ್ನು ‘ನೋಬಿತಾ-ಕುನ್’ ಎನ್ನುತ್ತಾನೆ. ಶಿಜುಕಾ ‘ನೋಬಿತಾ-ಸಾನ್’ ಎನ್ನುತ್ತಾಳೆ. ಜಿಯಾನ್ ಬರೀ ‘ನೋಬಿತಾ!’ ಎಂದು ಗದರುತ್ತಾನೆ. ಸಬ್‌ಟೈಟಲ್‌ನಲ್ಲಿ ಸಾಮಾನ್ಯವಾಗಿ ಮೂರು ಕಡೆಯೂ ಇರುವುದು ‘ನೋಬಿತಾ’ ಮಾತ್ರ.

ಹುಡುಗ ಒಬ್ಬನೇ, ಹೆಸರಿನ ಬಾಲ ಮಾತ್ರ ಬೇರೆ ಬೇರೆ. ಹಾಗಾಗಿ ಈ ಬಾಲಗಳು ನೋಬಿತಾ ಎಂಥವನು ಎಂಬುದನ್ನು ಹೇಳುತ್ತಿಲ್ಲ. ಕರೆಯುವವರಿಗೂ ಅವನಿಗೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಹೇಳುತ್ತಿವೆ. ‘ಸಾನ್’ ಮರ್ಯಾದೆಯ ದೂರ. ನಮ್ಮ ‘ಅವರೇ’ಗೆ ಹತ್ತಿರ, ಆದರೆ ಅಷ್ಟು ಭಾರವಲ್ಲ. ಓರಗೆಯ ಹುಡುಗನನ್ನೋ ಕೈಕೆಳಗಿನವರನ್ನೋ ಸಲುಗೆ ಮತ್ತು ಸಭ್ಯತೆ ಎರಡನ್ನೂ ಸೇರಿಸಿ ಕರೆಯಲು ‘ಕುನ್’. ಮಕ್ಕಳಿಗೆ, ಮುದ್ದಿನವರಿಗೆ ‘ಚಾನ್’. ನೋಬಿತಾ ಶಿಜುಕಾಳನ್ನು ಕರೆಯುವುದು ಹೀಗೆಯೇ. ಅವಳು ‘ಸಾನ್’ ಎಂದರೆ ಇವನು ‘ಚಾನ್’ ಎನ್ನುತ್ತಾನೆ. ಅವಳು ಜಿಯಾನ್‌ನನ್ನೂ ಅವನ ನಿಜವಾದ ಹೆಸರು ಹಿಡಿದು ‘ತಾಕೇಶಿ-ಸಾನ್’ ಎಂದೇ ಕರೆಯುವುದರಿಂದ, ಆ ‘ಸಾನ್’ ನೋಬಿತಾನ ಮೇಲಿನ ವಿಶೇಷ ಗೌರವವಲ್ಲ. ಚೆನ್ನಾಗಿ ಬೆಳೆದ ಹುಡುಗಿಯ ನಡವಳಿಕೆ. ಒಂದು ಕರೆಯನ್ನು ಕೇಳಿ ತೀರ್ಮಾನಿಸಬಾರದು, ಅದೇ ವ್ಯಕ್ತಿ ಉಳಿದವರನ್ನು ಹೇಗೆ ಕರೆಯುತ್ತಾನೆ ಎಂಬುದನ್ನೂ ಕೇಳಬೇಕು ಎನ್ನುವುದು ಇದಕ್ಕೇ.

ಇಷ್ಟೊಂದು ಕೆಲಸ ಹೆಸರಿನ ಬಾಲಕ್ಕೆ ಯಾಕೆ ಬಿತ್ತು? ಕನ್ನಡದಲ್ಲಿ ‘ನೀನು’ ‘ನೀವು’ ಇವೆ. ಅವನ್ನು ಬಿಟ್ಟರೂ ‘ಬರ್ತೀಯಾ’ ‘ಬರ್ತೀರಾ’ ಎಂಬ ಕ್ರಿಯಾಪದವೇ ಸಂಬಂಧವನ್ನು ಹೇಳಿಬಿಡುತ್ತದೆ. ಜಪಾನಿಯಲ್ಲಿ ಕ್ರಿಯಾಪದದ ಕೊನೆಯಲ್ಲಿ ವಿನಯ ಕಾಣುತ್ತದೆ, ಆದರೆ ಅದು ನಾನು, ನೀನು, ಅವನು ಎಂದು ಬೇರೆ ಬೇರೆ ರೂಪ ತಾಳುವುದಿಲ್ಲ. ‘ನೀವು’ ಎಂಬರ್ಥದ ‘ಅನಾತಾ’ ಎನ್ನುವ ಪದ ಇದ್ದರೂ ಹಿರಿಯರ ಮುಂದೆ ಅದನ್ನು ಆಡಿದರೆ ಒರಟಾಗಿ ಕೇಳುತ್ತದೆ. ಆದ್ದರಿಂದ ಎದುರಿಗಿರುವವರಿಗೇ ‘ತಾನಾಕಾ-ಸಾನ್ ಕಾಫಿ ಕುಡಿಯುವುದುಂಟಾ?’ ಎಂಬಂತೆ ಹೆಸರು ಹಿಡಿದು ಮಾತಾಡುವುದೇ ರೂಢಿ. ಅನಿಮೆ ಎಂಬ ಜಪಾನಿ ಕಾರ್ಟೂನ್‌ಗಳಲ್ಲಿ ಹೆಸರುಗಳು ಅಷ್ಟು ಸಲ ಕಿವಿಗೆ ಬೀಳುವುದರ ಗುಟ್ಟು ಇದು.

ಬಾಲ ಬದಲಾಗುವ ಘಳಿಗೆಯಲ್ಲೇ ಸಬ್‌ಟೈಟಲ್ ಸೋಲುವುದು ಹೆಚ್ಚು. ಶಾಲೆಯ ಪ್ರೇಮಕತೆಯೊಂದನ್ನು ಊಹಿಸಿಕೊಳ್ಳಿ. ಹುಡುಗಿಯ ಮನೆತನದ ಹೆಸರು ಸಾತೋ, ಅವಳ ಹೆಸರು ಯೂಕಿ. ಹುಡುಗ ಹತ್ತು ಕಂತು ‘ಸಾತೋ-ಸಾನ್’ ಎನ್ನುತ್ತಲೇ ಇರುತ್ತಾನೆ. ನೋಡುಗರಿಗೆ ಗೊಂದಲವಾಗದಿರಲಿ ಎಂದು ಅನುವಾದಕರು ಮೊದಲಿನಿಂದಲೂ ‘ಯೂಕಿ’ ಎಂದು ಬರೆದಿರುತ್ತಾರೆ. ಹನ್ನೊಂದನೆಯ ಕಂತಿನಲ್ಲಿ ರೈಲು ಹೊರಡುವ ಹೊತ್ತಿಗೆ ಹುಡುಗ ತಡವರಿಸುತ್ತಾ ‘ಯೂಕಿ’ ಎನ್ನುತ್ತಾನೆ. ಮನೆತನದ ಹೆಸರೂ ಹೋಯಿತು, ‘ಸಾನ್’ ಕೂಡ ಹೋಯಿತು. ಅವಳ ಮುಖ ಕೆಂಪಾಗುತ್ತದೆ. ಪರದೆಯ ಮೇಲೆ ಮಾತ್ರ ಮೊದಲಿನಿಂದ ಇದ್ದ ಅದೇ ‘ಯೂಕಿ’. ಅವಳು ನಾಚಿದ್ದು ಯಾಕೆಂದು ತಿಳಿಯದೆ ನೋಡುಗ ಹಾಗೇ ಉಳಿಯುತ್ತಾನೆ. ನಮ್ಮಲ್ಲಿ ‘ನೀವು’ ಎನ್ನುತ್ತಿದ್ದವನು ಒಂದು ಸಂಜೆ ತಟ್ಟನೆ ‘ನೀನು’ ಎಂದಂತೆ ಅದು. ಬರೆದ ಹೆಸರಿಗಿಂತ ಕೇಳಿದ ಹೆಸರು ಉದ್ದವಾಗಿದ್ದರೆ, ಅಥವಾ ಬೇರೆಯೇ ಆಗಿದ್ದರೆ, ಅಲ್ಲಿ ಏನೋ ಬಿಟ್ಟುಹೋಗಿದೆ ಎಂದು ತಿಳಿಯಿರಿ.

ಹೀಗೆ ಬಾಲವಿಲ್ಲದೆ ಕರೆಯುವುದಕ್ಕೆ ಜಪಾನಿಯಲ್ಲಿ ‘ಯೋಬಿಸುತೆ’ ಎನ್ನುತ್ತಾರೆ. ಕರೆದು ಬಿಸಾಡುವುದು ಎಂದರ್ಥ. ಜಿಯಾನ್ ಕರೆದರೆ ಅದು ದಬ್ಬಾಳಿಕೆ, ಪ್ರೀತಿಸಿದವನು ಕರೆದರೆ ಆಪ್ತತೆ. ಒಪ್ಪಿಗೆಯಿಲ್ಲದೆ ಹಾಗೆ ಕರೆದರೆ ಅವಮಾನ. ಆದ್ದರಿಂದಲೇ ಎಷ್ಟೋ ಕತೆಗಳಲ್ಲಿ ‘ಹೆಸರು ಹಿಡಿದು ಕರೆಯಬಹುದಾ?’ ಎಂದು ಅನುಮತಿ ಕೇಳುವ ದೃಶ್ಯ ಬರುತ್ತದೆ. ನನಗೆ ಆ ದೃಶ್ಯಗಳು ತುಂಬ ಇಷ್ಟ; ಪ್ರೀತಿಯನ್ನು ಹೇಳಿಕೊಳ್ಳುವುದಕ್ಕಿಂತ ದೊಡ್ಡ ಹೆಜ್ಜೆ ಅಲ್ಲೇ ಬಿದ್ದಿರುತ್ತದೆ.

ಕಚೇರಿಯ ಕತೆಗಳಲ್ಲಿ ಕಾಣುವ ಇನ್ನೊಂದು ವಿಚಿತ್ರವಿದೆ. ಒಳಗೆ ಮ್ಯಾನೇಜರ್ ತಾನಾಕಾರನ್ನು ಹುದ್ದೆಯ ಹೆಸರಿನಿಂದಲೇ ಗೌರವದಿಂದ ಕರೆಯುವ ನೌಕರಳು, ಹೊರಗಿನ ಕಂಪನಿಯಿಂದ ಫೋನ್ ಬಂದಾಗ ‘ತಾನಾಕಾ ಈಗ ಸೀಟಿನಲ್ಲಿಲ್ಲ’ ಎಂದು ಬಾಲ ಕತ್ತರಿಸಿ ಹೇಳುತ್ತಾಳೆ. ಇದು ಉದ್ಧಟತನವಲ್ಲ. ಹೊರಗಿನವರ ಎದುರು ಮ್ಯಾನೇಜರ್ ‘ನಮ್ಮವನು’. ತನ್ನ ಹೆಸರಿಗೆ ತಾನೇ ‘ಸಾನ್’ ಹಚ್ಚಿಕೊಳ್ಳಬಾರದೆಂಬ ನಿಯಮ ಅಲ್ಲಿ ಇಡೀ ಕಂಪನಿಗೆ ಹರಡಿಕೊಳ್ಳುತ್ತದೆ. ಅದೇ ತಾನಾಕಾರ ಮನೆಯವರೇ ಫೋನ್ ಮಾಡಿದ್ದರೆ, ಅವಳು ಆ ಬಾಲವನ್ನು ಮತ್ತೆ ಹಚ್ಚಿಯೇ ಮಾತಾಡುತ್ತಾಳೆ.

ಮತ್ತೆ ನೋಬಿತಾನ ಕಡೆಗೆ ಬರೋಣ. ಅವನ ಮದುವೆಯ ಹಿಂದಿನ ರಾತ್ರಿಯ ಕತೆಯಲ್ಲಿ, ಶಿಜುಕಾಳ ತಂದೆ ಮಗಳಿಗೆ ಧೈರ್ಯ ಹೇಳುತ್ತಾ, ನೀನು ಅವನನ್ನು ಆರಿಸಿದ್ದು ಸರಿ ಎನ್ನುತ್ತಾರೆ. ಆಗ ಅವರ ಬಾಯಲ್ಲಿ ಬರುವ ಹೆಸರು ‘ನೋಬಿತಾ-ಕುನ್’. ನಾಳೆಯಿಂದ ಅಳಿಯನಾಗುವವನಿಗೆ ಮಾವನ ಬಾಯಿಂದ ಬಂದ ಆ ‘ಕುನ್’ ಸಬ್‌ಟೈಟಲ್‌ನಲ್ಲಿ ಕಾಣದಿದ್ದರೂ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ.